ಕ್ರೀಮ್ ಹಾಕದೆ ಗ್ರೇವಿಯನ್ನು ಮಂದ ಮಾಡುವ ಬಗೆ

ಚಪಾತಿಗೆಂದು ಬಟಾಟೆ, ಬಟಾಣಿಯ ಗ್ರೇವಿ ಮಾಡುವಾಗ ಈಗ ಹೆಚ್ಚಿನವರು ಅಂಗಡಿಯ ಕ್ರೀಮ್ ಬಳಸುತ್ತಾರೆ. ಟೊಮೆಟೊ ಹೆಚ್ಚು ಹುಳಿಯಾಗಿದ್ದು ಉರಿಯೂ ಜೋರಾಗಿದ್ದರೆ ತೆಳ್ಳನೆಯ ಕ್ರೀಮ್ ಒಡೆದು ಕಣಕಣವಾಗುವುದುಂಟು. ಗೇರುಬೀಜದ ಹಿಟ್ಟಿಗೆ ಆ ಭಯವಿಲ್ಲ. ನಮ್ಮ ಕುಮಟಾ, ಹೊನ್ನಾವರದ ಕಡೆ ಗೇರುಬೀಜಕ್ಕೆ ಬರವೂ ಇಲ್ಲ. ಅರೆಯುವುದಕ್ಕೆ ಇಡೀ ಬೀಜ ಬೇಕಿಲ್ಲ, ಕಡಿಮೆ ಬೆಲೆಯ ಚೂರೇ ಸಾಕು.

ನಾಲ್ಕು ಜನರಿಗಾಗುವ, ಸುಮಾರು 2 ಲೋಟ ನೀರು ಹಿಡಿಯುವ ಗ್ರೇವಿಗೆ 2 ದೊಡ್ಡ ಚಮಚ ಗೇರುಬೀಜದ ಚೂರನ್ನೂ 1 ಸಣ್ಣ ಚಮಚ ಗಸಗಸೆಯನ್ನೂ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿಡಬೇಕು. ಗಸಗಸೆಯನ್ನು ಒಂದನ್ನೇ ಮಿಕ್ಸರಿಗೆ ಹಾಕಿದರೆ ಕಾಳು ಅಲಗಿಗೆ ಸಿಗದೆ ಸುತ್ತ ಸಿಡಿದು ಉಳಿಯುತ್ತದೆ. ಗೇರುಬೀಜದ ಜೊತೆಗೆ, ಸಣ್ಣ ಜಾರಿನಲ್ಲಿ, ಮೊದಲು ನೀರು ಕಡಿಮೆ ಹಾಕಿ ಗಟ್ಟಿಯಾಗಿ ಅರೆದು ಆಮೇಲೆ ಸಡಿಲ ಮಾಡಿದರೆ ನುಣ್ಣಗಾಗುತ್ತದೆ. ಎರಡು ಬೆರಳ ನಡುವೆ ಉಜ್ಜಿದಾಗ ತರಿ ಸಿಕ್ಕರೆ ಇನ್ನೊಮ್ಮೆ ತಿರುಗಿಸಿ, ಏಕೆಂದರೆ ಆ ತರಿ ಕುದಿದರೂ ಕರಗುವುದಿಲ್ಲ. ಗಸಗಸೆ ಹಳತಾಗಿ ಕಮಟು ಹಿಡಿದಿದ್ದರೆ ಇಡೀ ಪಾತ್ರೆ ಕಹಿಯಾಗುತ್ತದೆ, ಆದ್ದರಿಂದ ಮೊದಲೇ ನಾಲ್ಕು ಕಾಳು ಬಾಯಿಗೆ ಹಾಕಿ ನೋಡುವುದು ಲೇಸು. (ದುಬೈಗೆ ಹೊರಟ ಮಕ್ಕಳ ಸಾಮಾನಿನಲ್ಲಿ ಮಾತ್ರ ಇದನ್ನು ಕಟ್ಟಿ ಕಳಿಸಬೇಡಿ, ಅಲ್ಲಿ ಗಸಗಸೆಗೆ ನಿಷೇಧವಿದೆ.)

ಹಿಟ್ಟನ್ನು ಯಾವಾಗ ಹಾಕಬೇಕೆಂಬುದೇ ಇಲ್ಲಿ ಮುಖ್ಯ. ಈರುಳ್ಳಿ, ಟೊಮೆಟೊ, ಮಸಾಲೆ ಚೆನ್ನಾಗಿ ಹುರಿದು ಅಂಚಿನಲ್ಲಿ ಎಣ್ಣೆ ಬಿಟ್ಟ ಮೇಲೆಯೇ ಅದು ಬಾಣಲೆಗೆ ಬೀಳಬೇಕು. ಮೊದಲೇ ಸುರಿದರೆ ತಳ ಹಿಡಿಯುವ ಹೆದರಿಕೆಗೆ ಟೊಮೆಟೊವನ್ನು ಮತ್ತೆ ಹುರಿಯಲಾಗದೆ ಹಸಿವಾಸನೆ ಹಾಗೆಯೇ ಉಳಿಯುತ್ತದೆ. ಹಿಟ್ಟು ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈಬಿಡದೆ ಮಗುಚಿ, ಬಿಸಿನೀರು ಬೆರೆಸಿ, ಬೇಯಿಸಿಟ್ಟ ಬಟಾಟೆ, ಬಟಾಣಿ ಸೇರಿಸಿ ಐದಾರು ನಿಮಿಷ ಕುದಿಸಿದರಾಯಿತು. ಗೇರುಬೀಜದಲ್ಲಿ ಪಿಷ್ಟವೂ ಇರುವುದರಿಂದ ಗ್ರೇವಿ ಆರುತ್ತಾ ಇನ್ನಷ್ಟು ಬಿಗಿಯಾಗುತ್ತದೆ. ಹಾಗಾಗಿ ಬೇಕಾದುದಕ್ಕಿಂತ ತುಸು ತೆಳ್ಳಗಿರುವಾಗಲೇ ಒಲೆಯಿಂದ ಇಳಿಸಬೇಕು.

ನೆನೆಸುವಷ್ಟು ಪುರುಸೊತ್ತಿಲ್ಲದೆ ನೆಂಟರು ಬಂದರೆ ಪುಟಾಣಿಯೇ ಗತಿ. ಅದು ಮೊದಲೇ ಹುರಿದ ಕಡಲೆಯಾದ್ದರಿಂದ ಹೆಚ್ಚು ಬೇಯಬೇಕಿಲ್ಲ, ಕೊನೆಯಲ್ಲಿ ಹಾಕಿದರೆ ಸಾಕು. ಒಂದು ದೊಡ್ಡ ಚಮಚ ಪುಡಿಯನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿಯೇ ಸುರಿಯಬೇಕು. ಒಣಪುಡಿಯನ್ನು ಕುದಿಯುವ ಗ್ರೇವಿಗೆ ಉದುರಿಸಿದರೆ ಹೊರಗೆ ಬೆಂದು ಒಳಗೆ ಹಿಟ್ಟಾಗಿಯೇ ಉಳಿದ ಗಂಟುಗಳು ಸಿಗುತ್ತವೆ. ಮಳೆಗಾಲದಲ್ಲಿ ಪುಟಾಣಿ ಮೆತ್ತಗಾಗಿ ಪುಡಿಯಾಗುವುದಿಲ್ಲ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿ ಬೀಸಿಕೊಳ್ಳಿ. ಗೇರುಬೀಜದ ಜಿಡ್ಡು, ಸಿಹಿ ಇದರಿಂದ ಬರುವುದಿಲ್ಲ. ಅದನ್ನು ತುಂಬಿಸಲೆಂದು ಇನ್ನೊಂದು ಚಮಚ ಹಾಕಿದರೆ ಗ್ರೇವಿಗೆ ಚಟ್ನಿಯ ರುಚಿ ಬಂದುಬಿಡುತ್ತದೆ. ಅದರ ಬದಲು ಮೇಲಿಂದ ಅರ್ಧ ಚಮಚ ತುಪ್ಪ ಬಿಡಿ.