ದೊಡ್ಡಪ್ಪನ ಅಂಕಪಟ್ಟಿ: ಒಂದು ಮೀಮ್ ಹುಟ್ಟಿದ ಕಥೆ

ಕೊಪ್ಪಳದಲ್ಲಿ ನಾವು ಮೂವರು ಗೆಳೆಯರು ಸೇರಿ ವಿದ್ಯಾರ್ಥಿಗಳ ಒಂದು ಮೀಮ್ ಪೇಜ್ ನಡೆಸುತ್ತೇವೆ. ವರ್ಷವಿಡೀ ಹಾಸ್ಟೆಲ್ ಊಟ, ಬಸ್ ಪಾಸು ಅಂತ ಏನೋ ಒಂದು ಹಾಕುತ್ತಾ ಇರುತ್ತೇವೆ. ಆದರೆ ನಮಗೆ ನಿಜವಾದ ಹಬ್ಬ ಅಂದರೆ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ. ಅವತ್ತು ಮೀಮ್ ಹಾಕದ ಪೇಜೇ ಇಲ್ಲ. ಎಲ್ಲರದ್ದೂ ಒಂದೇ ಮಾತು: "ಪಕ್ಕದ ಮನೆ ಹುಡುಗನಿಗೆ ಎಷ್ಟು ಬಂತು ನೋಡು." ಒಂದು ವರ್ಷ ನಾವೂ ಅದನ್ನೇ ಹಾಕಿದೆವು. ನನ್ನ ತಂಗಿ ಕೂಡ ನಗಲಿಲ್ಲ.

ಈ ಸಲದ ಪೋಸ್ಟಿಗೆ ವಸ್ತು ಸಿಕ್ಕಿದ್ದು ಹೋದ ವರ್ಷ, ನಮ್ಮ ದೊಡ್ಡಪ್ಪನ ಮನೆಯಲ್ಲಿ. ಅವರ ಮಗ ಸಿಬಿಎಸ್‌ಇ ಹುಡುಗ, ಹತ್ತನೇ ಕ್ಲಾಸಿನಲ್ಲಿ 412 ತೆಗೆದಿದ್ದ. ಅದೇ ಓಣಿಯ ಹುಡುಗಿಯೊಬ್ಬಳಿಗೆ ಎಸ್ಸೆಸ್ಸೆಲ್ಸಿಯಲ್ಲಿ 515 ಬಂದಿತ್ತು. ದೊಡ್ಡಪ್ಪ ಮಿರ್ಚಿ ಮಂಡಕ್ಕಿ ಮುಂದಿಟ್ಟುಕೊಂಡು ವಿಚಾರಣೆಗೆ ಕೂತರು.

"ಆಕಿಗೆ ಐನೂರಾ ಹದಿನೈದು. ನಿನಗ ನಾಕ್‌ನೂರಾ ಹನ್ನೆರಡು. ಉಳಿದ ನೂರಾ ಮೂರು ಎಲ್ಲಿ ಹೋದ್ವು?"

ಏನೋ ಅಂಗಡಿಗೆ ಕಳಿಸಿದಾಗ ಚಿಲ್ಲರೆ ಕಡಿಮೆ ತಂದವನನ್ನು ಕೇಳಿದ ಹಾಗೆ. ಅವನು ಪಾಪ ಜೇಬು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ.

ನಾನು ಅಲ್ಲೇ ಫೋನಿನಲ್ಲಿ ಲೆಕ್ಕ ಹಾಕಿದೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100, ಒಟ್ಟು 625. ಸಿಬಿಎಸ್‌ಇಯಲ್ಲಿ ಐದು ವಿಷಯಕ್ಕೆ ಲೆಕ್ಕ ಹಿಡಿದರೆ 500. ಅಂದರೆ ಎಸ್ಸೆಸ್ಸೆಲ್ಸಿ ಅಂಕವನ್ನು 4ರಿಂದ ಗುಣಿಸಿ 5ರಿಂದ ಭಾಗಿಸಿದರೆ ಎರಡೂ ಒಂದೇ ತಕ್ಕಡಿಗೆ ಬರುತ್ತವೆ. ಆಕೆಯ 515 ಅನ್ನು ಹಾಗೆ ಮಾಡಿದರೆ ಬರುವುದು 412. ಇಬ್ಬರದ್ದೂ ಶೇಕಡಾ 82.4. ಒಂದು ಕೂದಲೆಳೆಯೂ ವ್ಯತ್ಯಾಸ ಇಲ್ಲ! ಇದನ್ನು ಹೇಳಿದ್ದಕ್ಕೆ ದೊಡ್ಡಪ್ಪ ನನ್ನ ಕಡೆ ತಿರುಗಿ, "ನೀ ಸುಮ್ಕಿರಪ, ನಿನಗ ಎಷ್ಟು ಬಿದ್ದಿದ್ವು ಅಂತ ನನಗ ಗೊತ್ತೈತಿ" ಅಂದರು. ನಾನು ಸುಮ್ಮನಾದೆ.

ಸಂಬಂಧಿಕರು ಹೋಲಿಸುತ್ತಾರೆ ಅನ್ನುವುದರಲ್ಲಿ ನಗು ಏನೂ ಇಲ್ಲ, ಅದು ಎಲ್ಲರಿಗೂ ಗೊತ್ತಿರುವ ಸಂಕಟ. ಹೋಲಿಸುವವರಿಗೇ ಲೆಕ್ಕ ಬರುವುದಿಲ್ಲ, ನಗು ಇರುವುದು ಅಲ್ಲಿ. ಹಾಗಾದರೆ ಅವರಿಗೇ ಒಂದು ಅಂಕಪಟ್ಟಿ ಕೊಟ್ಟರೆ ಹೇಗೆ? ಅದೂ ಗಣಿತದಲ್ಲಿ ಫೇಲ್ ಮಾಡಿ?

ಈ ವರ್ಷ ರಿಸಲ್ಟಿನ ಹಿಂದಿನ ರಾತ್ರಿ ಕೂತು ಬರೆದೆ. ಅಸಲಿ ಅಂಕಪಟ್ಟಿಯ ಕ್ರಮವನ್ನು ಒಂದಿಷ್ಟೂ ಬದಲಿಸಲಿಲ್ಲ. ಆರು ವಿಷಯ, ಅದೇ ಗರಿಷ್ಠ ಅಂಕ. ಓದುವ ಹುಡುಗರು ಅದನ್ನು ಬೆಳಗ್ಗೆಯಷ್ಟೇ ಎದೆ ಹೊಡೆದುಕೊಳ್ಳುತ್ತಾ ನೋಡಿರುತ್ತಾರೆ, ಆಕಾರ ಕಣ್ಣಲ್ಲೇ ಇರುತ್ತದೆ. ಕೊನೆಗೆ ಇಷ್ಟಾಯಿತು:

ಅಭ್ಯರ್ಥಿ: ದೊಡ್ಡಪ್ಪ
ಪ್ರಥಮ ಭಾಷೆ (ಎಷ್ಟ್ ಬಿದ್ದಾವಪ?): 125
ದ್ವಿತೀಯ ಭಾಷೆ (ನಮ್ಮ ಕಾಲದಾಗ ಹಿಂಗಿರಲಿಲ್ಲ): 99
ತೃತೀಯ ಭಾಷೆ (ಮೊದಲ ಆ ಫೋನ್ ಒಗಿ): 98
ಗಣಿತ (ಶೇಕಡಾ ತೆಗೆಯುವುದು): 12
ವಿಜ್ಞಾನ (ಸೈನ್ಸ್ ತಗೋ, ಇಲ್ಲಂದ್ರ ಕೆಟ್ಟಿ): 96
ಸಮಾಜ ವಿಜ್ಞಾನ (ಓಣಿಗೆಲ್ಲ ಸುದ್ದಿ ಮುಟ್ಟಿಸುವುದು): 100
ಒಟ್ಟು: 530
ಫಲಿತಾಂಶ: ಅನುತ್ತೀರ್ಣ. ಪರೀಕ್ಷೆ-2ಕ್ಕೆ ಕೂರುವುದು.

ಇದರಲ್ಲಿ ನಾನು ಜಾಸ್ತಿ ಹೊತ್ತು ಕಳೆದದ್ದು ಆ 12ರ ಮೇಲೆ. ಮೊದಲು ಸೊನ್ನೆ ಹಾಕಿದ್ದೆ. ಗೆಳೆಯ ನೋಡಿ, ಸೊನ್ನೆ ಅಂದರೆ ಬೈದ ಹಾಗೆ ಅನಿಸುತ್ತದೆ, ನಗು ಬರುವುದಿಲ್ಲ ಅಂದ. ಸರಿಯೇ. ನಮ್ಮ ಗಣಿತದಲ್ಲಿ 80 ಅಂಕ ಬರೆಯುವ ಪರೀಕ್ಷೆಗೆ, 20 ಆಂತರಿಕ. ಹಾಗಾಗಿ 12 ಹಾಕಿ, ಕೆಳಗೆ ಸಣ್ಣಕ್ಷರದಲ್ಲಿ "ಈ ಹನ್ನೆರಡೂ ಆಂತರಿಕ ಅಂಕ, ದೊಡ್ಡವ್ವ ಕೊಟ್ಟದ್ದು" ಅಂತ ಸೇರಿಸಿದೆ. ಆಮೇಲೆ ಒಟ್ಟು ಮೊತ್ತವನ್ನು ಎರಡು ಸಲ ಕೂಡಿ ನೋಡಿದೆ. ಲೆಕ್ಕ ಬಾರದವರನ್ನು ಆಡಿಕೊಳ್ಳುವ ಪೋಸ್ಟಿನಲ್ಲಿ ನಾವೇ ಲೆಕ್ಕ ತಪ್ಪಿದರೆ ಕಾಮೆಂಟಿನಲ್ಲಿ ನಮ್ಮನ್ನು ಉಳಿಸುವುದಿಲ್ಲ. 530 ಇದ್ದೂ ಫೇಲ್ ಅನ್ನುವುದೂ ಬೇಕಂತಲೇ ಮಾಡಿದ್ದು. ಒಂದೇ ವಿಷಯ ಕೈಕೊಟ್ಟರೆ ಒಟ್ಟು ಎಷ್ಟಿದ್ದರೂ ಪ್ರಯೋಜನ ಇಲ್ಲ ಅಂತ ಬರೆದವರಿಗೆ ಗೊತ್ತು, ಹೋಲಿಸುವವರಿಗೆ ಗೊತ್ತಿಲ್ಲ. 2024ರಿಂದ ಸಪ್ಲಿಮೆಂಟರಿ ಅನ್ನುವ ಹೆಸರು ಹೋಗಿ ಪರೀಕ್ಷೆ-1, ಪರೀಕ್ಷೆ-2 ಅಂತ ಬಂದಿದೆಯಲ್ಲ, ಅದೂ ಅವರಿಗೆ ಹೊಸದು.

ಒಂದು ಸಾಲನ್ನು ಬರೆದು ತೆಗೆದೆ. "ಫೇಲಾದವರು ಮಿರ್ಚಿ ಬಂಡಿ ಹಾಕ್ರಿ" ಅಂತಿತ್ತು. ಹಿಂದೊಮ್ಮೆ ಇಂಥದ್ದೇ ಹಾಕಿದ್ದಾಗ ಒಬ್ಬ ಹುಡುಗ ಇನ್‌ಬಾಕ್ಸಿಗೆ ಬಂದು, "ಅಣ್ಣ, ನಮ್ಮಪ್ಪಂದು ಮಿರ್ಚಿ ಬಂಡಿನೇ" ಅಂತಷ್ಟೇ ಬರೆದಿದ್ದ. ಐದು ನಿಮಿಷದಲ್ಲಿ ಅಳಿಸಿದ್ದೆ. ಅವತ್ತಿನಿಂದ ರಿಸಲ್ಟ್ ದಿನ ನಮ್ಮ ಪೇಜಿನಲ್ಲಿ ಫೇಲಾಗುವುದು ದೊಡ್ಡವರು ಮಾತ್ರ.

ಇನ್ನು ಚಿತ್ರದ ಕೆಲಸ. ಫೋನಿನ ಎಡಿಟಿಂಗ್ ಆ್ಯಪಿನಲ್ಲಿ ಚೆಂದದ ಫಾಂಟ್ ಹಾಕಿದೆ, ಒತ್ತಕ್ಷರಗಳೆಲ್ಲ ಕಳಚಿ ಬಿದ್ದವು. ದೊಡ್ಡಪ್ಪ ಹೋಗಿ "ದೊಡ್‌ಡಪ್‌ಪ" ಆದರು. ಫಾಂಟ್ ಬದಲಿಸುತ್ತಾ ಕೂತು, ಕೊನೆಗೆ ಫೋನಿನ ಮಾಮೂಲಿ ಫಾಂಟಿಗೇ ಶರಣಾದೆ. ಸರ್ಕಾರದ ಲಾಂಛನ ಹಾಕಲಿಲ್ಲ, ಅದು ತಮಾಷೆಗೂ ಬೇಡ. ಅದರ ಜಾಗದಲ್ಲಿ ಒಂದು ತಟ್ಟೆ ಮಿರ್ಚಿ ಕೂರಿಸಿದೆ.

ಹಾಕುವ ಹೊತ್ತೂ ಮುಖ್ಯ. ಬೆಳಗ್ಗೆ ಪತ್ರಿಕಾಗೋಷ್ಠಿ ಮುಗಿದು ಲಿಂಕ್ ಬಿಟ್ಟ ಮೇಲೆ ಎಲ್ಲರೂ karresults.nic.in ತೆರೆದು, ನೋಂದಣಿ ಸಂಖ್ಯೆ, ಹುಟ್ಟಿದ ದಿನ ಹೊಡೆದು, ತಿರುಗುವ ಚಕ್ರ ನೋಡುತ್ತಾ ಕೂತಿರುತ್ತಾರೆ. ಆಗ ಯಾರಿಗೂ ನಗು ಬೇಕಿಲ್ಲ. ಸಂಬಂಧಿಕರ ಫೋನು ಶುರುವಾಗುವುದು ಊಟ ಆದ ಮೇಲೆ. ಮೇ ತಿಂಗಳ ನಮ್ಮೂರ ಬಿಸಿಲಿಗೆ ಅವರೂ ಹೊರಗೆ ಕಾಲಿಡುವ ಹಾಗಿಲ್ಲ, ಮಲಗಿದಲ್ಲಿಂದಲೇ ಒಬ್ಬೊಬ್ಬರಿಗೆ ಫೋನ್ ಹಚ್ಚುತ್ತಾರೆ. ಮೂರು ಗಂಟೆಗೆ ಪೋಸ್ಟ್ ಬಿಟ್ಟೆ. ಸಂಜೆಯೊಳಗೆ ಹುಡುಗರು ತಮ್ಮ ತಮ್ಮ ಮಾವ, ಚಿಗವ್ವ, ಅತ್ತಿಯರ ಅಂಕಪಟ್ಟಿ ಕಾಮೆಂಟಿನಲ್ಲಿ ಬರೆಯತೊಡಗಿದರು. ಒಬ್ಬಳು ತನ್ನ ಸೋದರತ್ತೆಗೆ ಸಮಾಜ ವಿಜ್ಞಾನದಲ್ಲಿ 100ಕ್ಕೆ 140 ಕೊಟ್ಟು, "ಮರು ಎಣಿಕೆ ಮಾಡಿಸಿದ್ವಿ" ಅಂತ ಹಾಕಿದ್ದಳು. ಅದು ನನಗೆ ಹೊಳೆಯಲಿಲ್ಲವಲ್ಲ ಅಂತ ಇವತ್ತಿಗೂ ಹೊಟ್ಟೆಕಿಚ್ಚು.

ರಾತ್ರಿ ತಂಗಿ ಅದನ್ನು ಸ್ಟೇಟಸ್ಸಿಗೆ ಹಾಕಿಕೊಂಡಳು. ನಾನು ಎಲ್ಲಾ ಯೋಚಿಸಿದ್ದೆ, ಇದೊಂದನ್ನು ಯೋಚಿಸಿರಲಿಲ್ಲ. ಹತ್ತು ನಿಮಿಷದಲ್ಲಿ ದೊಡ್ಡಪ್ಪನ ಫೋನ್ ಬಂತು. ಕನ್ನಡಕ ಇಲ್ಲದೆ ನೋಡಿದ್ದಾರೆ, ಸಣ್ಣಕ್ಷರ ಒಂದೂ ಓದಿಲ್ಲ, ಕೆಳಗಿನ ದಪ್ಪ ಅಂಕಿ ಮಾತ್ರ ಕಂಡಿದೆ.

"ಯಾರದಪ ಆ ಐನೂರಾ ಮೂವತ್ತು?"

ನಾನು ಬಾಯಿ ಬಿಡುವುದರೊಳಗೆ ಆ ಕಡೆ ಮಗನನ್ನು ಕೂಗುವುದು ಕೇಳಿಸಿತು. "ಲೇ, ಬಾ ಇಲ್ಲಿ. ನಿನಗಿಂತ ನೂರಾ ಹದಿನೆಂಟು ಜಾಸ್ತಿ ಐತಿ ನೋಡು!"