ಥೇಲ್ಸ್ ಪ್ರಮೇಯದ ಉತ್ತರದಲ್ಲಿ ಕಾರಣ ಕಾಣದಿದ್ದರೆ: ಸಾಲು ಸಾಲಾಗಿ ತಿದ್ದುವ ಬಗೆ

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ವಾರ, ಚಿತ್ತಾಪುರ ತಾಲ್ಲೂಕಿನ ನಮ್ಮ ಪ್ರೌಢಶಾಲೆಯಲ್ಲಿ ಗಣಿತದ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿ ಕುಳಿತಾಗ, ಥೇಲ್ಸ್ ಪ್ರಮೇಯದ ಒಂದು ಉತ್ತರ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಚಿತ್ರ ಅಚ್ಚುಕಟ್ಟಾಗಿತ್ತು, ದತ್ತ, ಸಾಧನೀಯ, ರಚನೆ ಎಲ್ಲವೂ ಇದ್ದವು, ಕೊನೆಯ ಸಾಲೂ ಸರಿಯಾಗಿತ್ತು. ಆದರೆ ಸಾಧನೆಯ ಯಾವ ಸಾಲಿನ ಮುಂದೆಯೂ ಕಾರಣವಿರಲಿಲ್ಲ. ಇಂಥ ಉತ್ತರಕ್ಕೆ ಪೂರ್ಣ ಅಂಕ ಕೊಡುವವರೂ ಇದ್ದಾರೆ, ಅರ್ಧ ಕಡಿಯುವವರೂ ಇದ್ದಾರೆ. ಎಲ್ಲಿ ಕಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಅಂದಾಜಿನಿಂದಲ್ಲ, ಪರೀಕ್ಷಿಸಿಯೇ ತೀರ್ಮಾನಿಸಬಹುದು. ಆ ಪರೀಕ್ಷೆಯ ಕ್ರಮವನ್ನು ಇದೇ ಒಂದು ಪ್ರಮೇಯದ ಮೇಲೆ ಇಲ್ಲಿ ತೋರಿಸುತ್ತೇನೆ.

ಪ್ರಮೇಯ ಇಷ್ಟು: ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಸರಳರೇಖೆಯು ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ. △ABC ಯಲ್ಲಿ D ಬಿಂದು AB ಮೇಲೆ, E ಬಿಂದು AC ಮೇಲೆ ಇದ್ದು, DE ∥ BC ಆಗಿರುತ್ತದೆ. ರಚನೆಯಲ್ಲಿ BE ಮತ್ತು CD ಗಳನ್ನು ಸೇರಿಸಿ, EN ⊥ AB ಮತ್ತು DM ⊥ AC ಎಳೆಯುತ್ತೇವೆ. ವಿದ್ಯಾರ್ಥಿನಿಯ ಸಾಧನೆಯ ಸಾಲುಗಳು ಹೀಗಿದ್ದವು:

△ADE ಯ ವಿಸ್ತೀರ್ಣ / △BDE ಯ ವಿಸ್ತೀರ್ಣ = AD/DB … (1)
△ADE ಯ ವಿಸ್ತೀರ್ಣ / △DEC ಯ ವಿಸ್ತೀರ್ಣ = AE/EC … (2)
∴ △BDE ಯ ವಿಸ್ತೀರ್ಣ = △DEC ಯ ವಿಸ್ತೀರ್ಣ … (3)
∴ AD/DB = AE/EC

ಮೊದಲ ಹೆಜ್ಜೆಯಾಗಿ, ಪೆನ್ಸಿಲ್ ಹಿಡಿದು ಪ್ರತಿ ಸಾಲಿನ ಬಲಕ್ಕೆ ಕಾರಣವನ್ನು ನೀವೇ ಬರೆದು ನೋಡಿ. ವಿದ್ಯಾರ್ಥಿಯ ಮನಸ್ಸಿನಲ್ಲಿ ಏನಿತ್ತು ಎಂದು ಊಹಿಸುವುದು ಇದರ ಉದ್ದೇಶವಲ್ಲ. ಆ ಸಾಲು ಯಾವುದರ ಮೇಲೆ ನಿಂತಿದೆ ಎಂಬುದನ್ನು ಗುರುತಿಸುವುದು ಉದ್ದೇಶ. ಒಂದನೆಯ ಸಾಲಿಗೆ ಕಾರಣ ಸುಲಭವಾಗಿ ಸಿಗುತ್ತದೆ. △ADE ಯ ಪಾದ AD ಎಂದೂ △BDE ಯ ಪಾದ DB ಎಂದೂ ತೆಗೆದುಕೊಂಡರೆ, ಎರಡೂ ಪಾದಗಳು AB ಎಂಬ ಒಂದೇ ರೇಖೆಯ ಮೇಲಿವೆ. ಎರಡೂ ತ್ರಿಭುಜಗಳ ಶೃಂಗ E. ಆದ್ದರಿಂದ ಎತ್ತರ EN ಎರಡಕ್ಕೂ ಒಂದೇ. ½ × AD × EN ಅನ್ನು ½ × DB × EN ನಿಂದ ಭಾಗಿಸಿದರೆ AD/DB ಉಳಿಯುತ್ತದೆ. ಎರಡನೆಯ ಸಾಲು ಇದರ ಜೋಡಿ. ಅಲ್ಲಿ ಎತ್ತರ DM.

ಈ ಎರಡು ಸಾಲುಗಳಲ್ಲಿ ಕಾರಣ ಇಲ್ಲದಿದ್ದರೂ ನಾನು ಹೆಚ್ಚು ಕಠಿಣವಾಗುವುದಿಲ್ಲ. EN ಮತ್ತು DM ಲಂಬಗಳನ್ನು ರಚನೆಯಲ್ಲಿ ಬರೆದಿದ್ದರೆ, ಎತ್ತರದ ಅರಿವು ವಿದ್ಯಾರ್ಥಿಗೆ ಇದೆ ಎಂಬುದಕ್ಕೆ ಅದೇ ಪುರಾವೆ. ಲಂಬಗಳು ರಚನೆಯಲ್ಲೂ ಇಲ್ಲ, ಚಿತ್ರದಲ್ಲೂ ಇಲ್ಲ, ಆದರೆ ಅನುಪಾತ ಮಾತ್ರ ನೇರವಾಗಿ ಬಂದಿದೆ ಎಂದಾದರೆ, ಅದು ಬಾಯಿಪಾಠದಿಂದ ಬಂದಿರುವ ಸಾಧ್ಯತೆ ಹೆಚ್ಚು. ಆಗ ಆ ಸಾಲಿನ ಅಂಕ ತಡೆಹಿಡಿಯುವುದು ನ್ಯಾಯವೇ.

ಎರಡನೆಯ ಹೆಜ್ಜೆಯೇ ಈ ಇಡೀ ತಿದ್ದುವಿಕೆಯ ಜೀವಾಳ. ದತ್ತದಲ್ಲಿ ಕೊಟ್ಟ ಮಾಹಿತಿ ಸಾಧನೆಯ ಯಾವ ಸಾಲಿನಲ್ಲಿ ಬಳಕೆಯಾಗಿದೆ ಎಂದು ಹುಡುಕಬೇಕು. ಇಲ್ಲಿ ಕೊಟ್ಟಿರುವುದು DE ∥ BC. ಒಂದನೆಯ ಸಾಲಿಗೆ ಸಮಾಂತರತೆ ಬೇಕಿಲ್ಲ, ಎರಡನೆಯದಕ್ಕೂ ಬೇಕಿಲ್ಲ; DE ಯನ್ನು ಹೇಗೆ ಓರೆಯಾಗಿ ಎಳೆದರೂ ಅವೆರಡೂ ನಿಜ. ಕೊನೆಯ ಸಾಲು ಮೊದಲ ಮೂರರಿಂದ ಬರುತ್ತದೆ. ಹಾಗಾದರೆ ಸಮಾಂತರತೆ ಕೆಲಸ ಮಾಡುವುದು (3)ರಲ್ಲಿ ಮಾತ್ರ: △BDE ಮತ್ತು △DEC ಗಳು DE ಎಂಬ ಒಂದೇ ಪಾದದ ಮೇಲೆ, DE ಮತ್ತು BC ಎಂಬ ಒಂದೇ ಜೊತೆ ಸಮಾಂತರ ರೇಖೆಗಳ ನಡುವೆ ಇರುವುದರಿಂದ ಅವುಗಳ ವಿಸ್ತೀರ್ಣ ಸಮ. ಈ ವಾಕ್ಯ ಬಿಟ್ಟುಹೋದರೆ ಪ್ರಮೇಯಕ್ಕೆ ಕೊಟ್ಟ ಷರತ್ತೇ ಉತ್ತರದಿಂದ ಬಿಟ್ಟುಹೋದಂತೆ. ಯೂಕ್ಲಿಡ್ ಕೂಡ ತನ್ನ ಗ್ರಂಥದ 6ನೇ ಪುಸ್ತಕದ 2ನೇ ಪ್ರಮೇಯವಾಗಿ ಇದನ್ನು ಸಾಧಿಸುವಾಗ, ಒಂದೇ ಪಾದ ಮತ್ತು ಒಂದೇ ಸಮಾಂತರ ರೇಖೆಗಳ ನಡುವಿನ ತ್ರಿಭುಜಗಳ ಸಮತೆಯ ಮೇಲೆಯೇ ಆಧರಿಸುತ್ತಾನೆ. ಆ ಸಮತೆಯನ್ನು ಅವನು 1ನೇ ಪುಸ್ತಕದ 37ನೇ ಪ್ರಮೇಯದಲ್ಲಿ ಮೊದಲೇ ಸಾಧಿಸಿಟ್ಟಿದ್ದಾನೆ.

ವಿದ್ಯಾರ್ಥಿನಿಯ ಬರವಣಿಗೆಯಲ್ಲಿ ಇನ್ನೊಂದು ಗುರುತಿದೆ. ಮೂರನೆಯ ಸಾಲಿನ ಮೊದಲು ‘∴’ ಚಿಹ್ನೆ ಇದೆ. ‘ಆದ್ದರಿಂದ’ ಎಂದರೆ ಮೇಲಿನ ಸಾಲುಗಳಿಂದ ಇದು ಬಂತು ಎಂದರ್ಥ. ಆದರೆ (1) ಮತ್ತು (2)ರಿಂದ (3) ಬರುವುದೇ ಇಲ್ಲ. ಅದು ಹೊರಗಿನಿಂದ, ಅಂದರೆ ದತ್ತದಿಂದಲೂ ಹಿಂದೆ ಕಲಿತ ಪ್ರಮೇಯದಿಂದಲೂ ಬರುವ ಹೊಸ ಸಂಗತಿ. ಅದರ ಪಕ್ಕದಲ್ಲಿ ‘∵’ ಇರಬೇಕಿತ್ತು. ಈ ಎರಡು ಚಿಹ್ನೆಗಳ ಅದಲುಬದಲು ಕಂಡಲ್ಲಿ ತಿದ್ದುವವರು ಒಂದು ಕ್ಷಣ ನಿಲ್ಲಬೇಕು, ಏಕೆಂದರೆ ಕಾರಣ ತಪ್ಪಿಹೋದ ಜಾಗವನ್ನು ಅದು ಬಹಳ ಸಲ ತಾನೇ ತೋರಿಸಿಕೊಡುತ್ತದೆ.

ಪತ್ರಿಕೆ ಹಿಂದಿರುಗಿಸಿದಾಗ ಆಕೆ, “ಪುಸ್ತಕದಾಗ ಅವೆರಡೂ ಸಮ ಅಂತೇ ಅದರಿ ಸರ್, ಚಿತ್ರದಾಗೂ ಸಮಾನೇ ಕಾಣಸ್ತಾವ್ರಿ” ಎಂದಳು. ಇದಕ್ಕೆ ‘ಕಾರಣ ಬರೆಯಬೇಕಮ್ಮಾ’ ಎಂದಷ್ಟೇ ಹೇಳಿದರೆ ಅದು ಅವಳಿಗೆ ಪರೀಕ್ಷೆಯ ಒಂದು ಕಟ್ಟಳೆಯಾಗಿ ಕಾಣುತ್ತದೆಯೇ ಹೊರತು ಗಣಿತವಾಗಿ ಕಾಣುವುದಿಲ್ಲ. ಆದ್ದರಿಂದ ಮೂರನೆಯ ಹೆಜ್ಜೆ: ಚಿತ್ರವನ್ನೇ ಬದಲಿಸಿ, ಯಾವ ಸಾಲು ಮುರಿಯುತ್ತದೆ ಎಂದು ನೋಡುವುದು. ನಮ್ಮ ತರಗತಿಯ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದೆ. ಅದರ ಮೇಲೆ ಸುಣ್ಣದ ಕಡ್ಡಿಯಿಂದ A ಯಲ್ಲಿ ಲಂಬಕೋನವಿರುವ ತ್ರಿಭುಜ ಬರೆಸಿದೆ. AB ಗೆ 6 ಮಾನ, AC ಗೆ 9 ಮಾನ. ಲಂಬಕೋನ ತ್ರಿಭುಜವನ್ನು ಆರಿಸಿದ್ದಕ್ಕೆ ಕಾರಣವೆಂದರೆ, AB ಗೆ E ಯಿಂದ ಎಳೆಯುವ ಲಂಬ EA ಯೇ ಆಗಿ, AC ಗೆ D ಯಿಂದ ಎಳೆಯುವ ಲಂಬ DA ಯೇ ಆಗಿ, ವಿಸ್ತೀರ್ಣವನ್ನು ಬಾಯಲ್ಲೇ ಲೆಕ್ಕ ಹಾಕಬಹುದು.

ಮೊದಲು DE ಸಮಾಂತರವಾಗಿರುವಂತೆ AD = 2, DB = 4, AE = 3, EC = 6 ಎಂದು ಗುರುತಿಸಿದೆವು. △ADE ಯ ವಿಸ್ತೀರ್ಣ ½ × 2 × 3 = 3. △BDE ಯದು ½ × 4 × 3 = 6. △DEC ಯದು ½ × 6 × 2 = 6. ಮೂರನೆಯ ಸಾಲು ನಿಜವಾಯಿತು. AD/DB ಮತ್ತು AE/EC ಎರಡೂ ½.

ಈಗ D ಯನ್ನು ಅಲ್ಲೇ ಬಿಟ್ಟು E ಯನ್ನು C ಕಡೆಗೆ ಸರಿಸಿ, AE = 6, EC = 3 ಮಾಡಿದೆವು. DE ಓರೆಯಾಯಿತು, BC ಗೆ ಸಮಾಂತರವಾಗಿ ಉಳಿಯಲಿಲ್ಲ. △ADE ಯ ವಿಸ್ತೀರ್ಣ ½ × 2 × 6 = 6; △BDE ಯದು ½ × 4 × 6 = 12; △DEC ಯದು ½ × 3 × 2 = 3. ಸಾಲುಗಳನ್ನು ಒಂದೊಂದಾಗಿ ಹೊಂದಿಸಿ ನೋಡಿದರೆ, (1)ರಲ್ಲಿ 6/12 ಮತ್ತು AD/DB ಎರಡೂ ½, ಆದ್ದರಿಂದ ಅದು ನಿಂತಿತು. (2)ರಲ್ಲಿ 6/3 ಮತ್ತು AE/EC ಎರಡೂ 2, ಅದೂ ನಿಂತಿತು. (3)ರಲ್ಲಿ ಒಂದು ಕಡೆ 12, ಇನ್ನೊಂದು ಕಡೆ 3. ಮುರಿದಿದ್ದು ಆ ಒಂದೇ ಸಾಲು, ಅದರ ಜೊತೆಗೆ ಕೊನೆಯ ಸಾಲು. ವಿದ್ಯಾರ್ಥಿನಿ ಬರೆದ ಸಾಧನೆಯನ್ನು ಈ ಓರೆ ಚಿತ್ರದ ಕೆಳಗೆ ಒಂದಕ್ಷರವೂ ಬದಲಿಸದೆ ಬರೆಯಬಹುದಿತ್ತು, ಏಕೆಂದರೆ ಅದರಲ್ಲಿ ಸಮಾಂತರ ಎಂಬ ಮಾತೇ ಇಲ್ಲ. ಹಾಗೆ ಬರೆದರೆ ಅದು ½ ಮತ್ತು 2 ಸಮ ಎಂದು ಸಾಧಿಸಿದಂತಾಗುತ್ತಿತ್ತು. ಆಕೆ ನೆಲದ ಮೇಲಿನ ಎರಡು ಚಿತ್ರಗಳನ್ನೂ ತನ್ನ ಹಾಳೆಯನ್ನೂ ಹಲವು ಬಾರಿ ನೋಡಿ, “ಸಮಾಂತರ ಅನ್ನೋದು ನಾ ಎಲ್ಲೂ ಬರೆದೇ ಇಲ್ಲರಿ” ಎಂದಳು.

ಇದೇ ಓರೆ ಚಿತ್ರ ಇನ್ನೊಂದು ದೋಷವನ್ನೂ ಹಿಡಿಯುತ್ತದೆ. ಕೆಲವರು (3)ರ ಮುಂದೆ ‘ಒಂದೇ ಪಾದ’ ಎಂದಷ್ಟೇ ಬರೆಯುತ್ತಾರೆ. ಕಾರಣವಿದೆ ಎಂದು ತೃಪ್ತಿಪಟ್ಟು ನಾವು ಟಿಕ್ ಹಾಕಿಬಿಡುತ್ತೇವೆ. ಆದರೆ 12 ಮತ್ತು 3 ವಿಸ್ತೀರ್ಣದ ಆ ಎರಡು ತ್ರಿಭುಜಗಳಿಗೂ ಪಾದ DE ಒಂದೇ ಆಗಿತ್ತು. ಅರ್ಧ ಬರೆದ ಕಾರಣದಲ್ಲಿ ಬಿಟ್ಟಿರುವ ಅರ್ಧವೇ ಮುಖ್ಯವಾಗಿರಬಹುದು. ‘ಚಿತ್ರದಿಂದ’ ಎಂಬ ಕಾರಣವಂತೂ D ಬಿಂದು AB ಮೇಲಿದೆ ಎಂಬಂಥ ಸ್ಥಾನದ ಮಾತಿಗೆ ಸಲ್ಲಬಹುದು. ಉದ್ದ, ಕೋನ, ವಿಸ್ತೀರ್ಣಗಳ ಸಮತೆಗೆ ಸಲ್ಲುವುದಿಲ್ಲ.

ನಾಲ್ಕನೆಯ ಹೆಜ್ಜೆ ಬೇರೆ ಬಗೆಯ ಉತ್ತರಗಳಿಗೆ ಬೇಕಾಗುತ್ತದೆ. ಕಟ್ಟಿನಲ್ಲಿದ್ದ ಕೆಲವು ಉತ್ತರಗಳಲ್ಲಿ ಕಾರಣಗಳು ತುಂಬಿದ್ದವು: DE ∥ BC ಆದ್ದರಿಂದ ∠ADE = ∠ABC, ಅನುರೂಪ ಕೋನಗಳು; ∠A ಸಾಮಾನ್ಯ; ಆದ್ದರಿಂದ △ADE ಮತ್ತು △ABC ಸಮರೂಪ; ಆದ್ದರಿಂದ AD/AB = AE/AC; ಅಲ್ಲಿಂದ ಸರಳೀಕರಿಸಿ ಸಾಧನೀಯ. ಇಲ್ಲಿ ಪ್ರತಿ ಮಾತೂ ಸತ್ಯ, ದತ್ತವೂ ಬಳಕೆಯಾಗಿದೆ. ಆದರೂ ನಮ್ಮ ಪಠ್ಯದ ಕ್ರಮದಲ್ಲಿ ಇದು ಸಾಧನೆಯಲ್ಲ. ಕೋನಗಳು ಸಮವಾದರೆ ಬಾಹುಗಳು ಸಮಾನುಪಾತದಲ್ಲಿರುತ್ತವೆ ಎಂಬ ಸಮರೂಪತೆಯ ನಿಯಮವನ್ನು ಅಲ್ಲಿ ಸಾಧಿಸಿರುವುದೇ ಥೇಲ್ಸ್ ಪ್ರಮೇಯವನ್ನು ಬಳಸಿ. ಸಾಧಿಸಬೇಕಾದ್ದರ ಮೇಲೆಯೇ ಕಾರಣ ನಿಂತಂತಾಯಿತು. ಇಂಥ ಕಡೆ ಕೇಳಬೇಕಾದ ಪ್ರಶ್ನೆ, ಈ ಕಾರಣ ಪಠ್ಯದಲ್ಲಿ ಈ ಪ್ರಮೇಯಕ್ಕಿಂತ ಮೊದಲು ಬರುತ್ತದೆಯೋ, ನಂತರ ಬರುತ್ತದೆಯೋ ಎಂಬುದು. ಒಂದೇ ಪಾದದ ಮೇಲಿನ ತ್ರಿಭುಜಗಳ ವಿಸ್ತೀರ್ಣದ ಮಾತು ಇದಕ್ಕಿಂತ ಮೊದಲಿನದು, ಆದ್ದರಿಂದ ಅದನ್ನು ಬಳಸಬಹುದು. ಇಂಥ ಉತ್ತರ ಬರೆದ ಮಕ್ಕಳನ್ನು ನಾನು ಕರೆದು ಮಾತನಾಡಿಸುತ್ತೇನೆ, ಏಕೆಂದರೆ ಅವರು ಉರು ಹೊಡೆದವರಲ್ಲ, ಯೋಚಿಸಿದವರು. ಅವರಿಗೆ ತಪ್ಪಿರುವುದು ಪ್ರಮೇಯಗಳ ಸರಣಿ ಮಾತ್ರ.

ಇನ್ನು ಅಂಕದ ಮಾತು. ಮಂಡಳಿಯ ಮೌಲ್ಯಮಾಪನದಲ್ಲಿ ಅಲ್ಲಿ ಕೊಡುವ ಮಾದರಿ ಉತ್ತರದ ಹಂಚಿಕೆಯನ್ನೇ ಅನುಸರಿಸಬೇಕು. ನಾನು ಹೇಳುತ್ತಿರುವುದು ಶಾಲೆಯೊಳಗಿನ ಪರೀಕ್ಷೆಗಳಲ್ಲಿ ಅನುಸರಿಸುವ ಕ್ರಮ. ನಾಲ್ಕು ಅಂಕದ ಪ್ರಶ್ನೆಯಲ್ಲಿ ಚಿತ್ರ, ದತ್ತ, ಸಾಧನೀಯ, ರಚನೆಗಳಿಗೆ ತಲಾ ಅರ್ಧ, ಸಾಧನೆಯ ನಾಲ್ಕು ಸಾಲುಗಳಿಗೆ ತಲಾ ಅರ್ಧ. ಮೂರನೆಯ ಸಾಲಿನ ಅರ್ಧ ಅಂಕ ಆ ಸಮತೆಗಲ್ಲ, ಅದರ ಕಾರಣಕ್ಕೆ ಸಲ್ಲುತ್ತದೆ. ಕಾರಣವಿಲ್ಲದಿದ್ದರೆ ಆ ಅರ್ಧವನ್ನು ಕಡಿಯುತ್ತೇನೆ, ಆದರೆ ಅದೇ ತಪ್ಪಿಗಾಗಿ ಕೊನೆಯ ಸಾಲಿನ ಅರ್ಧವನ್ನೂ ಕಡಿಯುವುದಿಲ್ಲ, ಏಕೆಂದರೆ (1), (2), (3)ರಿಂದ ಕೊನೆಯ ಸಾಲಿಗೆ ಬಂದ ದಾರಿ ಸರಿಯಾಗಿಯೇ ಇದೆ. ಆ ಲೆಕ್ಕದಲ್ಲಿ ವಿದ್ಯಾರ್ಥಿನಿಗೆ ಮೂರೂವರೆ ಬಂತು. ಅಂಚಿನಲ್ಲಿ ‘ಕಾರಣ ಎಲ್ಲಿ?’ ಎಂದು ಬರೆಯುವ ಬದಲು ‘DE ∥ BC ಎಲ್ಲಿ ಬಳಸಿದೆ?’ ಎಂದು ಬರೆದೆ. ಮೊದಲನೆಯ ಪ್ರಶ್ನೆಗೆ ಮಕ್ಕಳು ಪ್ರತಿ ಸಾಲಿನ ಮುಂದೆಯೂ ಏನಾದರೊಂದನ್ನು ತುಂಬಿ ತರುತ್ತಾರೆ. ಎರಡನೆಯದಕ್ಕೆ ಉತ್ತರ ಹುಡುಕಬೇಕಾದರೆ ಅವರು ಮೂರನೆಯ ಸಾಲಿಗೇ ಬಂದು ನಿಲ್ಲಬೇಕಾಗುತ್ತದೆ.