ಚಪ್ಪಲಿ ಕಳಚಿದರೂ ಗೊತ್ತಾಗದ ಕಾಲು

ಎಂಬಿಬಿಎಸ್ ಕೊನೆಯ ವರ್ಷದ ಮೆಡಿಸಿನ್ ಪೋಸ್ಟಿಂಗ್‌ನಲ್ಲಿ ನನಗೆ ಸಿಕ್ಕ ರೋಗಿ ಒಬ್ಬ ರೈತರು. ವಯಸ್ಸು ನಲವತ್ತೈದರ ಆಸುಪಾಸು. "ಮೇಡಮ್, ನಡೀತಾ ಇದ್ರೆ ಬಲಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿದುಬಿಡುತ್ತೆ. ನಾಲ್ಕು ಹೆಜ್ಜೆ ಹೋದ್ಮೇಲೆ ಗೊತ್ತಾಗುತ್ತೆ" ಅಂದರು. ಮೂರು ವಾರದಿಂದ ಹೀಗಿತ್ತು.

ಪಿನ್ ತೆಗೆಯುವ ಮೊದಲು, ಜೋಮು ಎಲ್ಲಿದೆ ಎಂದು ಅವರ ಬೆರಳಿನಲ್ಲೇ ಗೆರೆ ಎಳೆದು ತೋರಿಸಲು ಹೇಳಿದೆ. ಮೊಣಕಾಲಿನ ಕೆಳಗೆ, ಕಾಲಿನ ಹೊರಮಗ್ಗುಲಿಂದ ಬೆರಳು ಇಳಿಯಿತು. ಪಾದದ ಮೇಲ್ಭಾಗಕ್ಕೆ ಬಂದು ಹೆಬ್ಬೆರಳಿನ ಹತ್ತಿರ ನಿಂತಿತು. ಆಮೇಲೆ ಹೊಸ ಪಿನ್ ತೆಗೆದು, ಜೋಮಿರುವ ಕಡೆಯಿಂದ ಸರಿಯಿರುವ ಕಡೆಗೆ ಚುಚ್ಚುತ್ತಾ ಹೋದೆ. "ಚೂಪು ಅನ್ಸಿದ ತಕ್ಷಣ ಹೇಳಿ" ಎಂದಿದ್ದೆ. ಚುಚ್ಚಿದ್ದು ಚೂಪಾಗಿ ತಿಳಿಯದ ಜಾಗ ಅವರು ತೋರಿಸಿದ್ದಕ್ಕಿಂತ ಚಿಕ್ಕದಿತ್ತು. ಹತ್ತಿ ಸೋಕಿಸಿದಾಗ ಹೆಚ್ಚುಕಡಿಮೆ ಎಲ್ಲ ಕಡೆಯೂ ಗೊತ್ತಾಗುತ್ತಿತ್ತು.

ಇದಕ್ಕೆ ಕಾರಣವಿದೆ. ಬೆನ್ನುಹುರಿಯಿಂದ ಹೊರಡುವ ಒಂದು ನರದ ಬೇರಿಗೆ ಸೇರಿದ ಚರ್ಮದ ಪಟ್ಟಿಯೇ ಡರ್ಮಟೋಮ್. ಆದರೆ ಅಕ್ಕಪಕ್ಕದ ಪಟ್ಟಿಗಳು ಒಂದರ ಮೇಲೊಂದು ಹರಡಿರುತ್ತವೆ. ಒಂದು ಬೇರು ಕೆಟ್ಟರೂ ನೆರೆಯ ಬೇರುಗಳು ಆ ಜಾಗವನ್ನು ಸ್ವಲ್ಪ ನೋಡಿಕೊಳ್ಳುತ್ತವೆ. ಮುಟ್ಟಿದ ಅರಿವಿನಲ್ಲಿ ಈ ಹರಡಿಕೆ ಜಾಸ್ತಿ, ಚುಚ್ಚಿದ ನೋವಿನಲ್ಲಿ ಕಡಿಮೆ. ಅದಕ್ಕೇ ಬೇರಿನ ತೊಂದರೆ ಹುಡುಕಲು ಹತ್ತಿಗಿಂತ ಪಿನ್ ವಾಸಿ. ಪುಸ್ತಕದ ಚಿತ್ರಗಳೂ ಒಂದೇ ರೀತಿ ಇರುವುದಿಲ್ಲ. ಫೋರ್ಸ್ಟರ್ 1933ರಲ್ಲಿ ಕೊಟ್ಟ ನಕ್ಷೆಗೂ ಕೀಗನ್ ಮತ್ತು ಗ್ಯಾರೆಟ್ 1948ರಲ್ಲಿ ಕೊಟ್ಟ ನಕ್ಷೆಗೂ ವ್ಯತ್ಯಾಸವಿದೆ. ಹಾಗಾಗಿ ನಾನು ಪಟ್ಟಿಯ ಅಂಚಿಗಿಂತ ಅದರ ನಡುಭಾಗವನ್ನು ನಂಬುತ್ತೇನೆ. ಎಲ್ ಎಂದರೆ ಸೊಂಟದ ಬೇರು, ಎಸ್ ಎಂದರೆ ಅದರ ಕೆಳಗಿನ ತ್ರಿಕಾಸ್ಥಿಯ ಬೇರು. ಕಣಕಾಲಿನ ಒಳಮಗ್ಗುಲು ಎಲ್4, ಪಾದದ ಮೇಲ್ಭಾಗ ಮತ್ತು ಹೆಬ್ಬೆರಳು ಎಲ್5, ಕಿರುಬೆರಳ ಬದಿ ಎಸ್1.

ಎಲ್5 ಎಂದು ಅಲ್ಲೇ ಬರೆದುಬಿಡಬಹುದಿತ್ತು. ಆದರೆ ಅವರು ದಿನಗಟ್ಟಲೆ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದುದಾಗಿ ಹೇಳಿದ್ದರು. ಹಾಗೆ ಕೂತರೆ ಮೊಣಕಾಲಿನ ಹೊರಗಡೆ, ಫಿಬುಲಾ ಮೂಳೆಯ ಕುತ್ತಿಗೆಯ ಹತ್ತಿರ, ಕಾಮನ್ ಪೆರೋನಿಯಲ್ ನರ ಒತ್ತಿಹೋಗುತ್ತದೆ. ಆಗಲೂ ಜೋಮು ಬರುವುದು ಹೆಚ್ಚುಕಡಿಮೆ ಇದೇ ಜಾಗದಲ್ಲಿ. ಪಾದ ಎತ್ತಲೂ ಆಗುವುದಿಲ್ಲ. ಅವರ ಹೆಬ್ಬೆರಳು ಮೇಲೆ ಏಳುತ್ತಿತ್ತು, ನಾನು ಬೆರಳಲ್ಲಿ ಸ್ವಲ್ಪ ತಡೆದರೂ ಸೋಲುತ್ತಿತ್ತು. ಅಂದರೆ ಬಲ ಐದಕ್ಕೆ ಮೂರು. ಪಾದ ಎತ್ತುವುದು ನಾಲ್ಕು. ಪೆರೋನಿಯಲ್ ನರವೇ ಎಂದು ಸರ್ ಮುಂದೆ ಕೇಸ್ ಹೇಳಿದೆ.

ಸರ್ ಒಂದೇ ಪ್ರಶ್ನೆ ಕೇಳಿದರು: "ಪಾದ ಒಳಗಡೆ ತಿರುಗಿಸೋಕೆ ಹೇಳಿದ್ಯೇನಮ್ಮಾ?"

ಹೇಳಿರಲಿಲ್ಲ. ಒಂದೇ ಬೇರಿನಿಂದ ಬಲ ಪಡೆಯುವ ಸ್ನಾಯುಗಳ ಗುಂಪು, ಅಂದರೆ ಮಯೋಟೋಮ್, ಅದರ ಪರೀಕ್ಷೆಯನ್ನು ನಾನು ಅರ್ಧಕ್ಕೇ ಬಿಟ್ಟಿದ್ದೆ. ಒಂದು ಬೇರಿನ ಬಲ ಬೇರೆ ಬೇರೆ ನರಗಳ ಮೂಲಕ ಹಲವು ಸ್ನಾಯುಗಳಿಗೆ ಹೋಗುತ್ತದೆ. ಪಾದವನ್ನು ಒಳಗೆ ತಿರುಗಿಸುವ ಟಿಬಿಯಾಲಿಸ್ ಪೋಸ್ಟೀರಿಯರ್‌ಗೂ ಮುಖ್ಯವಾಗಿ ಎಲ್5 ಬೇಕು, ಆದರೆ ಅದಕ್ಕೆ ಬರುವುದು ಟಿಬಿಯಲ್ ನರ. ಸೊಂಟದಿಂದ ಕಾಲನ್ನು ಪಕ್ಕಕ್ಕೆ ಎತ್ತುವ ಗ್ಲೂಟಿಯಸ್ ಮೀಡಿಯಸ್‌ಗೂ ಎಲ್5 ಬೇಕು, ಅದಕ್ಕೆ ಬರುವುದು ಸುಪೀರಿಯರ್ ಗ್ಲೂಟಿಯಲ್ ನರ. ಮೊಣಕಾಲಿನ ಹತ್ತಿರ ಪೆರೋನಿಯಲ್ ನರ ಒತ್ತಿದ್ದರೆ ಈ ಎರಡೂ ಗಟ್ಟಿಯಾಗಿರಬೇಕು ಅಲ್ವಾ?

ವಾಪಸ್ ಹೋಗಿ ನೋಡಿದೆ. ಪಾದವನ್ನು ಸ್ವಲ್ಪ ಕೆಳಗೆ ಬಾಗಿಸಿ ಹಿಡಿದು, ಒಳಗೆ ತಿರುಗಿಸಲು ಹೇಳಿದೆ. ಪಾದ ಮೇಲಿದ್ದರೆ ಪಾದ ಎತ್ತುವ ಟಿಬಿಯಾಲಿಸ್ ಆಂಟೀರಿಯರ್ ಕೂಡ ಕೈಜೋಡಿಸುತ್ತದೆ, ಆಗ ಯಾವ ಸ್ನಾಯು ಸೋತಿದೆ ಎಂದು ತಿಳಿಯುವುದಿಲ್ಲ. ಎಡಗಾಲು ನನ್ನ ಕೈಯನ್ನೇ ತಳ್ಳಿತು. ಬಲಗಾಲು ಸೋತಿತು. ಎಡಮಗ್ಗುಲಾಗಿ ಮಲಗಿಸಿ ಬಲಗಾಲನ್ನು ನೇರವಾಗಿ ಮೇಲೆತ್ತಿಸಿದೆ. ನಾನು ಒತ್ತಿದ ಕೂಡಲೇ ಕಾಲು ಕೆಳಗಿಳಿಯಿತು. ಹಿಮ್ಮಡಿ ಎತ್ತಿ ಬೆರಳ ತುದಿಯಲ್ಲಿ ನಿಲ್ಲಲು ಅವರಿಗೆ ತೊಂದರೆಯೇ ಇರಲಿಲ್ಲ. ಸುತ್ತಿಗೆಯಿಂದ ತಟ್ಟಿದಾಗ ಬರುವ ಮೊಣಕಾಲಿನ ಮತ್ತು ಕಣಕಾಲಿನ ಜರ್ಕ್ ಎರಡೂ ಸರಿಯಿದ್ದವು, ಅಂದರೆ ಎಲ್4 ಮತ್ತು ಎಸ್1 ಕೆಟ್ಟ ಲಕ್ಷಣವಿರಲಿಲ್ಲ. ಎಲ್5ಗೆ ಮಾತ್ರ ನಂಬಿಕೊಳ್ಳುವಂಥ ಜರ್ಕ್ ಇಲ್ಲ. ಆ ಬೇರಿಗೆ ಸ್ನಾಯುಗಳೇ ಸಾಕ್ಷಿ. ಮಲಗಿದ್ದಾಗ ಬಲಗಾಲನ್ನು ನೇರವಾಗಿ ಎತ್ತಿದರೆ ಸುಮಾರು 40 ಡಿಗ್ರಿಗೇ ಸೊಂಟದಿಂದ ಪಾದದವರೆಗೆ ನೋವು ಎಳೆಯುತ್ತಿತ್ತು.

ಮೂತ್ರ ಕಟ್ಟುತ್ತದಾ, ಕೂರುವ ಜಾಗದಲ್ಲಿ ಜೋಮು ಇದೆಯಾ ಎಂದೂ ಕೇಳಿದೆ. ಇಲ್ಲ ಎಂದರು. ಹೌದು ಎಂದಿದ್ದರೆ ಅದು ಒಂದೇ ಬೇರಿನ ಮಾತಾಗಿ ಉಳಿಯುತ್ತಿರಲಿಲ್ಲ, ಅದೇ ದಿನ ಎಂಆರ್‌ಐ ಆಗಬೇಕಿತ್ತು.

ಎರಡು ದಿನದ ನಂತರ ಎಂಆರ್‌ಐ ಬಂತು. ಎಲ್4 ಮತ್ತು ಎಲ್5 ಮೂಳೆಗಳ ನಡುವಿನ ಡಿಸ್ಕ್ ಬಲಗಡೆಗೆ ಉಬ್ಬಿ ಎಲ್5 ಬೇರನ್ನು ಒತ್ತಿತ್ತು. ಎಲ್4 ಬೇರು ಆ ಡಿಸ್ಕ್‌ಗಿಂತ ಮೇಲೆಯೇ ಹೊರಗೆ ಹೋಗಿರುತ್ತದೆ, ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಕೆಳಗಿಳಿಯುತ್ತಿರುವ ಎಲ್5. ಡಿಸ್ಕ್ ತೀರಾ ಹೊರಬದಿಗೆ ಉಬ್ಬಿದ್ದರೆ ಎಲ್4 ಸಿಕ್ಕಿಕೊಳ್ಳುತ್ತಿತ್ತು. ಆಗ ಜೋಮು ಮೊಣಕಾಲಿನ ಕೆಳಗೆ, ಕಾಲಿನ ಒಳಮಗ್ಗುಲಲ್ಲಿ ಇರುತ್ತಿತ್ತು.

ಆರು ವಾರದ ನಂತರ ಅವರು ಮತ್ತೆ ಬಂದರು. ಹೆಬ್ಬೆರಳಿನ ಬಲ ಮೂರರಿಂದ ನಾಲ್ಕಕ್ಕೆ ಏರಿತ್ತು. ಸೊಂಟದ ಬಲ ಪೂರ್ತಿ ಬಂದಿತ್ತು. ಪಾದದ ಮೇಲೆ ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಪಿನ್ ಇನ್ನೂ ಮೊಂಡಾಗಿ ತಿಳಿಯುತ್ತಿತ್ತು.